ಎಚ್‌ಒಡಿಗೆ ಒಂದು ಪತ್ರ: ಡಿಪಾರ್ಟ್‌ಮೆಂಟಿಗೊಂದು ಬ್ಲಾಗ್ ಕೇಳೋದು ಹೇಗೆ?

'ನಮ್ಮ ಡಿಪಾರ್ಟ್‌ಮೆಂಟಿಗೂ ಒಂದು ಬ್ಲಾಗ್ ಇರಬೇಕಿತ್ತು ಕಣ್ರೋ' ಅಂತ ಕ್ಯಾಂಟೀನಿನಲ್ಲಿ ಕೂತು ಹೇಳೋದು ಸುಲಭ. ಅದನ್ನೇ ಒಂದು ಎ4 ಹಾಳೆಯಲ್ಲಿ ಬರೆದು ಎಚ್‌ಒಡಿ ಟೇಬಲ್ ಮೇಲೆ ಇಡೋದು ಬೇರೆ ಮಾತು. ಇಂಥ ಪತ್ರಗಳು ಹೆಚ್ಚಿನ ಸಲ 'ನೋಡೋಣ' ಅನ್ನೋ ಒಂದು ಪದಕ್ಕೆ ಮುಗಿದುಹೋಗುತ್ತವೆ. ಎಚ್‌ಒಡಿಗೆ ವಿದ್ಯಾರ್ಥಿಗಳ ಮೇಲೆ ಕೋಪ ಅಂತಲ್ಲ. ಅವರ ತಲೆಯಲ್ಲಿ ಬರೋ ಪ್ರಶ್ನೆಗಳಿಗೆ ಆ ಪತ್ರದಲ್ಲಿ ಉತ್ತರ ಇರೋದಿಲ್ಲ, ಅಷ್ಟೇ.

ಈ ಲೇಖನದಲ್ಲಿ ಅಂಥ ಒಂದು ಪತ್ರವನ್ನ ಮೊದಲಿಂದ ಕೊನೆಯವರೆಗೆ ಕಟ್ಟಿ ನೋಡೋಣ. ಉದಾಹರಣೆಗೆ ಸಿವಿಲ್ 5ನೇ ಸೆಮಿಸ್ಟರಿನ ನಾಲ್ಕು ಜನ ಇದ್ದಾರೆ ಅಂತ ಇಟ್ಟುಕೊಳ್ಳೋಣ. ಒಬ್ಬರು ಕೋಲಾರ, ಒಬ್ಬರು ಮಾಲೂರು, ಒಬ್ಬರು ಮುಳಬಾಗಿಲು, ಇನ್ನೊಬ್ಬರು ಶ್ರೀನಿವಾಸಪುರ. ನಾಲ್ಕೂ ಜನರಿಗೆ ಬರೆಯೋಕೆ ಊರಲ್ಲೇ ವಿಷಯ ಇದೆ. ಮಾಲೂರಿನವರ ಮನೆ ಸುತ್ತ ಇಟ್ಟಿಗೆ ಗೂಡುಗಳು. ಕೋಲಾರದವರ ಕಡೆ ಕೆ.ಸಿ. ವ್ಯಾಲಿ ನೀರು ತುಂಬಿದ ಕೆರೆಗಳು. ಮುಳಬಾಗಿಲಿನವರ ಊರಲ್ಲಿ ಕೊಳವೆಬಾವಿ ನೀರಿನ ಫ್ಲೋರೈಡ್ ಸಮಸ್ಯೆ. ಶ್ರೀನಿವಾಸಪುರದವರಿಗೆ ಮಾವಿನ ತೋಪಿನ ಕೃಷಿ ಹೊಂಡ. ಎಲ್ಲವೂ ಸಿವಿಲ್ ಸಿಲಬಸ್ಸಿಗೆ ತಗಲುವ ವಿಷಯಗಳೇ.

ಇವರು ಬರೆಯುವ ಮೊದಲ ಪತ್ರ ಸಾಮಾನ್ಯವಾಗಿ ಹೀಗಿರುತ್ತೆ: 'ನಮ್ಮ ವಿಭಾಗದ ಕೀರ್ತಿಯನ್ನು ಹೆಚ್ಚಿಸಲು ಹಾಗೂ ವಿದ್ಯಾರ್ಥಿಗಳ ಪ್ರತಿಭೆಗೆ ವೇದಿಕೆ ಒದಗಿಸಲು ಬ್ಲಾಗ್ ಆರಂಭಿಸಲು ಅನುಮತಿ ನೀಡಬೇಕಾಗಿ ವಿನಂತಿ.' ಇದರಲ್ಲಿ ತಪ್ಪು ಪದ ಒಂದೂ ಇಲ್ಲ. ಆದರೆ ಎಚ್‌ಒಡಿ ತೀರ್ಮಾನ ತಗೊಳ್ಳೋಕೆ ಬೇಕಾದ ಮಾಹಿತಿಯೂ ಒಂದೂ ಇಲ್ಲ. ಇದೇ ವಾಕ್ಯವನ್ನ ಫುಟ್ಬಾಲ್ ಟೀಮಿಗೂ ಬರೆಯಬಹುದು, ಎಥ್ನಿಕ್ ಡೇಗೂ ಬರೆಯಬಹುದು.

ಎಚ್‌ಒಡಿ ಕೇಳೋ ಪ್ರಶ್ನೆ ಯಾವುದು?

ಎಚ್‌ಒಡಿ ಜಾಗದಲ್ಲಿ ಒಂದು ನಿಮಿಷ ಕೂತು ನೋಡಿ. 'ಬರಹ ಚೆನ್ನಾಗಿರುತ್ತಾ?' ಅನ್ನೋದು ಅವರ ಮೊದಲ ಪ್ರಶ್ನೆ ಅಲ್ಲ. 'ತಪ್ಪು ಏನಾದ್ರೂ ಹೊರಗೆ ಹೋದ್ರೆ ಪ್ರಿನ್ಸಿಪಾಲರು ಯಾರನ್ನ ಕರೀತಾರೆ?' ಅನ್ನೋದು ಮೊದಲ ಪ್ರಶ್ನೆ. ಉತ್ತರ ಅವರಿಗೆ ಗೊತ್ತು: ಕರೆಯೋದು ಅವರನ್ನೇ.

ಇದು ಬರೀ ಭಯ ಅಲ್ಲ. ಕೋಲಾರದ ಕೆರೆ ವಿಷಯವನ್ನೇ ತಗೊಳ್ಳಿ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನ ಸಂಸ್ಕರಿಸಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಪಂಪ್ ಮಾಡುವ ಯೋಜನೆ ಅದು. 2018ರ ಜೂನ್‌ನಲ್ಲಿ ಮೊದಲ ನೀರು ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಬಂತು. ಮುಂದಿನ ತಿಂಗಳೇ ಕೆರೆಯಲ್ಲಿ ನೊರೆ ಕಾಣಿಸಿಕೊಂಡಿತು. ವಿಷಯ ಹೈಕೋರ್ಟಿಗೆ ಹೋಯ್ತು, ಸ್ವಲ್ಪ ಕಾಲ ನೀರು ನಿಂತಿತು, ಆಮೇಲೆ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಹತ್ತಿತು. ಎರಡನೇ ಹಂತದ ಸಂಸ್ಕರಣೆ ಸಾಕೋ, ಮೂರನೇ ಹಂತವೂ ಬೇಕೋ ಅನ್ನೋ ವಾದ ಜಿಲ್ಲೆಯಲ್ಲಿ ಇನ್ನೂ ಇದೆ. ಒಂದು ಕಡೆ ಬತ್ತಿದ್ದ ಬೋರ್‌ವೆಲ್‌ಗಳಲ್ಲಿ ಮತ್ತೆ ನೀರು ಕಂಡ ರೈತರು, ಇನ್ನೊಂದು ಕಡೆ ಅದೇ ನೀರಿನ ಗುಣಮಟ್ಟ ಕೇಳುವವರು.

ಈಗ ನಮ್ಮ ನಾಲ್ವರಲ್ಲಿ ಒಬ್ಬರು ಒಂದು ಬಾಟಲಿಯಲ್ಲಿ ನೀರು ತಂದು, ಕಾಲೇಜಿನ ಎನ್ವಿರಾನ್‌ಮೆಂಟಲ್ ಲ್ಯಾಬಿನಲ್ಲಿ ಟೆಸ್ಟ್ ಮಾಡಿ, 'ಕೆರೆ ನೀರು ವಿಷ' ಅಂತ ಬ್ಲಾಗಿನಲ್ಲಿ ಹಾಕಿದರು ಅಂತ ಇಟ್ಟುಕೊಳ್ಳಿ. ಮಾರನೇ ದಿನ ಅದು 'ಇಂಜಿನಿಯರಿಂಗ್ ಕಾಲೇಜಿನ ವರದಿ' ಆಗಿಬಿಡುತ್ತೆ. ಸ್ಯಾಂಪಲ್ ಎಲ್ಲಿಂದ ತಂದರು, ಯಾವ ದಿನ, ಎಷ್ಟು ಸ್ಯಾಂಪಲ್, ಯಾವ ವಿಧಾನ ಅಂತ ಯಾರೂ ಕೇಳೋದಿಲ್ಲ. 'ನೀರು ಪೂರ್ತಿ ಸುರಕ್ಷಿತ' ಅಂತ ಬರೆದರೂ ಇದೇ ಕಥೆ. ಎಚ್‌ಒಡಿ 'ನೋಡೋಣ' ಅನ್ನೋದು ಇಂಥದ್ದನ್ನ ನೆನೆಸಿಕೊಂಡೇ.

ಆದ್ದರಿಂದ ಪತ್ರದ ನಡುಭಾಗ ಒಂದೇ ಒಂದು ವಿಷಯಕ್ಕೆ ಮೀಸಲಾಗಿರಬೇಕು: ಒಂದು ಲೇಖನ ಬರೆದ ಕೈಯಿಂದ ಓದುವ ಕಣ್ಣಿಗೆ ಹೋಗುವ ಮೊದಲು ಯಾರ ಕೈ ದಾಟಿ ಹೋಗುತ್ತೆ?

ಪಬ್ಲಿಷ್ ಬಟನ್ ಯಾರ ಹತ್ತಿರ?

'ಸರ್ ನೋಡಿದ ಮೇಲೇ ಹಾಕ್ತೀವಿ' ಅಂತ ಬಾಯಲ್ಲಿ ಹೇಳೋದು ಒಂದು. ನೋಡದೆ ಹಾಕೋಕೆ ಆಗದ ಹಾಗೆ ವ್ಯವಸ್ಥೆ ಮಾಡೋದು ಇನ್ನೊಂದು. ಎರಡನೆಯದನ್ನ ಪತ್ರದಲ್ಲಿ ಬರೆದರೆ ಎಚ್‌ಒಡಿಗೆ ಧೈರ್ಯ ಬರುತ್ತೆ. ಇಲ್ಲಿ ಯಾವ ತಾಣ ಬಳಸುತ್ತೀರಿ ಅನ್ನೋದು ಮುಖ್ಯವಾಗುತ್ತೆ.

`Blogger`ನಲ್ಲಿ `Author` ಆಗಿ ಸೇರಿಸಿದ ಯಾರು ಬೇಕಾದರೂ ತಮ್ಮ ಲೇಖನವನ್ನ ತಾವೇ ಪ್ರಕಟಿಸಬಹುದು. ನಡುವೆ ತಡೆಯುವ ಹಂತ ಇಲ್ಲ. ಅಲ್ಲಿ ಪರಿಶೀಲನೆ ಅನ್ನೋದು ಬರೀ ಮಾತಿನ ಮೇಲೆ ನಡೆಯಬೇಕು. `WordPress`ನಲ್ಲಿ ಹಾಗಲ್ಲ. ಅಲ್ಲಿ `Contributor` ಅನ್ನೋ ಒಂದು ಪಾತ್ರ ಇದೆ. ಈ ಪಾತ್ರದಲ್ಲಿರುವವರು ಬರೆಯಬಹುದು, ತಿದ್ದಬಹುದು, ಆದರೆ ಪ್ರಕಟಿಸೋಕೆ ಆಗಲ್ಲ. ಅವರಿಗೆ ಕಾಣೋದು `Submit for Review` ಬಟನ್. ಒತ್ತಿದರೆ ಲೇಖನ `Pending` ಸಾಲಿಗೆ ಹೋಗಿ ಕೂರುತ್ತೆ. `Editor` ಅಥವಾ `Administrator` ಪಾತ್ರದಲ್ಲಿರುವವರು ತೆರೆದು ಓದಿ `Publish` ಒತ್ತಬೇಕು.

ನಮ್ಮ ಉದಾಹರಣೆಯಲ್ಲಿ ಹೀಗೆ ಹಂಚಬಹುದು. ಬರೆಯುವ ವಿದ್ಯಾರ್ಥಿಗಳೆಲ್ಲ `Contributor`. ಡಿಪಾರ್ಟ್‌ಮೆಂಟಿನ ಒಬ್ಬ ಮೇಷ್ಟ್ರು `Editor`. ಡಿಪಾರ್ಟ್‌ಮೆಂಟಿನ ಹೆಸರಲ್ಲಿ ತೆರೆದ ಇಮೇಲ್ `Administrator`, ಅದರ ಪಾಸ್‌ವರ್ಡ್ ಎಚ್‌ಒಡಿ ಆಫೀಸಿನಲ್ಲಿ. ವಿದ್ಯಾರ್ಥಿಯ ಸ್ವಂತ ಜಿಮೇಲ್ ಮೇಲೆ ಅಕೌಂಟ್ ಮಾಡಲೇಬೇಡಿ. ಆ ವಿದ್ಯಾರ್ಥಿ ಪಾಸಾಗಿ ಬೆಂಗಳೂರಿಗೆ ಹೋಗಿ ಫೋನ್ ನಂಬರ್ ಬದಲಾಯಿಸಿದ ದಿನ ಬ್ಲಾಗಿನ ಬೀಗದ ಕೈಯೂ ಅವರ ಜೊತೆಗೇ ಹೋಗುತ್ತೆ.

ಒಂದು ಸಣ್ಣ ತೊಡಕು ಮೊದಲೇ ಗೊತ್ತಿರಲಿ. `Contributor` ಆದವರು ಫೋಟೋ ಅಪ್‌ಲೋಡ್ ಮಾಡೋಕೆ ಆಗಲ್ಲ. ಇಟ್ಟಿಗೆ ಗೂಡಿನ ಫೋಟೋ, ಲ್ಯಾಬಿನ ಫೋಟೋ ಎಲ್ಲ `Editor` ಆದ ಮೇಷ್ಟ್ರೇ ಸೇರಿಸಬೇಕು. ಇದನ್ನ ಮೇಷ್ಟ್ರಿಗೆ ಮೊದಲೇ ಹೇಳಿ. ಇಲ್ಲಾಂದ್ರೆ ಮೊದಲ ಲೇಖನದಲ್ಲೇ 'ಇದೆಲ್ಲ ನನ್ನ ಕೆಲಸಾನಾ?' ಅಂತ ಬೇಜಾರಾಗುತ್ತೆ. ಲೇಖನಕ್ಕೆ ಎರಡೇ ಫೋಟೋ, ಹೆಸರಿಟ್ಟು ಒಂದು ಫೋಲ್ಡರಿನಲ್ಲಿ ಕೊಡ್ತೀವಿ ಅಂತ ಪತ್ರದಲ್ಲೇ ಬರೆದರೆ ಆ ಹೊರೆ ಹತ್ತು ನಿಮಿಷಕ್ಕೆ ಇಳಿಯುತ್ತೆ.

ಇನ್ನೊಂದು ಮಾತು. ಕನ್ನಡದಲ್ಲಿ ಬರೆಯೋದಾದರೆ ಪರಿಶೀಲಿಸುವ ಮೇಷ್ಟ್ರಿಗೆ ಕನ್ನಡ ಓದೋಕೆ ಬರಬೇಕು. ಇದು ಹೇಳಬೇಕಾದ ಮಾತಾ ಅನ್ನಿಸಬಹುದು. ಆದರೆ ನಮ್ಮದು ಗಡಿ ಜಿಲ್ಲೆ. ಮುಳಬಾಗಿಲು, ಶ್ರೀನಿವಾಸಪುರದ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಓದು ಕನ್ನಡ. ಮೇಷ್ಟ್ರುಗಳಲ್ಲಿ ಆಚೆ ರಾಜ್ಯದಿಂದ ಬಂದವರೂ ಇರುತ್ತಾರೆ. ಎಚ್‌ಒಡಿಗೆ ಕನ್ನಡ ಓದು ಅಭ್ಯಾಸ ಇಲ್ಲದಿದ್ದರೆ ಪತ್ರವನ್ನ ಇಂಗ್ಲಿಷಿನಲ್ಲೇ ಕೊಡಿ, ಬ್ಲಾಗ್ ಕನ್ನಡದಲ್ಲಿ ಕೇಳಿ. ಓದೋಕೆ ಆಗದ ಪತ್ರಕ್ಕೆ ಯಾರೂ ಸಹಿ ಹಾಕಲ್ಲ.

ಎರಡು ಲೇಖನ, ಎರಡು ದಾರಿ

ಎಲ್ಲ ಲೇಖನವನ್ನೂ ಎಚ್‌ಒಡಿಯೇ ಓದಬೇಕು ಅಂದರೆ ಬ್ಲಾಗ್ ಎರಡನೇ ತಿಂಗಳಿಗೇ ನಿಲ್ಲುತ್ತೆ. ಅವರಿಗೆ ಕ್ಲಾಸು, ಮೀಟಿಂಗು, ಪರೀಕ್ಷೆ ಎಲ್ಲ ಇದೆ. ಯಾವ ಲೇಖನಕ್ಕೂ ಅವರು ಬೇಡ ಅಂದರೆ ಅವರೇ ಒಪ್ಪಲ್ಲ. ಪರಿಹಾರ ಏನಂದ್ರೆ ಲೇಖನಗಳನ್ನ ಎರಡು ಬಗೆ ಮಾಡೋದು.

ಮೊದಲ ಬಗೆ: ಮಾಲೂರಿನ ಇಟ್ಟಿಗೆ. ನಾವು ಲ್ಯಾಬಿನಲ್ಲಿ ಮಾಡುವ ವಾಟರ್ ಅಬ್ಸಾರ್ಪ್ಷನ್ ಟೆಸ್ಟನ್ನೇ ಊರಿನ ಇಟ್ಟಿಗೆ ಮೇಲೆ ಮಾಡಿ ಬರೆಯೋದು. ಇಟ್ಟಿಗೆಯನ್ನ ಓವನ್‌ನಲ್ಲಿ 105ರಿಂದ 115 ಡಿಗ್ರಿಯಲ್ಲಿ ತೂಕ ಬದಲಾಗದ ತನಕ ಒಣಗಿಸಬೇಕು. ತಣ್ಣಗಾದ ಮೇಲೆ ತೂಗಬೇಕು, ಇದು M1. 24 ಗಂಟೆ ನೀರಿನಲ್ಲಿ ಪೂರ್ತಿ ಮುಳುಗಿಸಿ, ತೆಗೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಮೂರು ನಿಮಿಷದೊಳಗೆ ಮತ್ತೆ ತೂಗಬೇಕು, ಇದು M2.

```
W = (M2 - M1) / M1 × 100
```

ಒಣ ಇಟ್ಟಿಗೆ 3.00 ಕೆಜಿ, ನೆನೆದ ಮೇಲೆ 3.48 ಕೆಜಿ ಬಂತು ಅಂತ ಇಟ್ಟುಕೊಂಡರೆ ಹೀರಿದ ನೀರು 0.48 ಕೆಜಿ, ಅಂದರೆ 16%. ಐಎಸ್ 1077ರ ಪ್ರಕಾರ 12.5ನೇ ಕ್ಲಾಸಿನವರೆಗಿನ ಇಟ್ಟಿಗೆಗೆ ಮಿತಿ 20%. ಆದ್ದರಿಂದ ಆ ಇಟ್ಟಿಗೆ ಪಾಸು. ಅದಕ್ಕಿಂತ ಮೇಲಿನ ಕ್ಲಾಸಿಗೆ ಮಿತಿ 15%, ಅಲ್ಲಿ ಇದೇ ಇಟ್ಟಿಗೆ ಫೇಲು. ಐದು ಇಟ್ಟಿಗೆ ತಗೊಂಡು ಸರಾಸರಿ ಬರೆಯಬೇಕು. ಮನೆ ಕಟ್ಟಿಸುವ ಅಪ್ಪನಿಗೆ ಕೂಡ ಅರ್ಥವಾಗುವ ಲೇಖನ ಇದು. ಇದರಲ್ಲಿ ಗೂಡಿನ ಹೆಸರು ಹಾಕಬಾರದು, ಐದು ಇಟ್ಟಿಗೆ ನೋಡಿ 'ಮಾಲೂರಿನ ಇಟ್ಟಿಗೆ ಹೀಗೆ' ಅಂತ ಪೂರ್ತಿ ಊರಿನ ಬಗ್ಗೆ ತೀರ್ಪು ಕೊಡಬಾರದು. ಅಷ್ಟು ನೋಡಿಕೊಂಡರೆ ಒಬ್ಬ ಮೇಷ್ಟ್ರು ಓದಿದರೆ ಸಾಕು.

ಎರಡನೇ ಬಗೆ: ಲಕ್ಷ್ಮೀಸಾಗರ ಕೆರೆ. ಇದರಲ್ಲಿ ಸರ್ಕಾರದ ಯೋಜನೆ ಇದೆ, ಕೋರ್ಟಿನ ವಿಷಯ ಇದೆ, ಜನರ ಆರೋಗ್ಯ ಇದೆ. ಹಾಗಂತ ಬರೆಯಲೇಬಾರದು ಅಂತಲ್ಲ. ಸಿವಿಲ್ ಓದುವವರು ಇದನ್ನ ಬರೆಯದೆ ಇನ್ಯಾರು ಬರೀಬೇಕು? ಎರಡನೇ ಹಂತದ ಸಂಸ್ಕರಣೆ ಅಂದರೆ ಏನು, ಅದರಲ್ಲಿ ಏನು ಹೋಗುತ್ತೆ, ಏನು ಉಳಿಯುತ್ತೆ, ನೊರೆ ಯಾಕೆ ಬರುತ್ತೆ, ಕೆರೆಯಿಂದ ಅಂತರ್ಜಲಕ್ಕೆ ನೀರು ಹೇಗೆ ಇಳಿಯುತ್ತೆ ಅಂತ ಪಠ್ಯದ ಆಧಾರದ ಮೇಲೆ ವಿವರಿಸಬಹುದು. ನಮ್ಮದೇ ಸ್ಯಾಂಪಲ್ಲಿನ ಅಂಕಿ ಹಾಕಬೇಕಂದ್ರೆ ಮಾತ್ರ ಸ್ಯಾಂಪಲ್ ತೆಗೆದ ಜಾಗ, ದಿನ, ವಿಧಾನ, ಎಷ್ಟು ಸಲ ಅಂತ ಪೂರ್ತಿ ಬರೆಯಬೇಕು. ಇಂಥ ಲೇಖನ ಮೇಷ್ಟ್ರಾದ ಮೇಲೆ ಎಚ್‌ಒಡಿ ಕಣ್ಣಿಗೂ ಬೀಳಬೇಕು.

ಬಗೆ ಯಾವುದು ಅಂತ ಗೊತ್ತುಮಾಡೋಕೆ ಒಂದೇ ಪರೀಕ್ಷೆ ಸಾಕು: ಈ ಲೇಖನ ಓದಿ ಕಾಲೇಜಿನ ಹೊರಗಿನ ಯಾರಾದರೂ ಡಿಪಾರ್ಟ್‌ಮೆಂಟಿಗೆ ಫೋನ್ ಮಾಡಬಹುದಾ? ಕಂಪನಿ, ಇಲಾಖೆ, ಊರು, ವ್ಯಕ್ತಿ ಯಾರದ್ದಾದರೂ ಒಳ್ಳೆಯದು ಕೆಟ್ಟದ್ದರ ಬಗ್ಗೆ ತೀರ್ಪು ಇದ್ದರೆ ಅದು ಎರಡನೇ ಬಗೆ. ಮುಳಬಾಗಿಲಿನ ಫ್ಲೋರೈಡ್ ಲೇಖನ ಎರಡರಲ್ಲೂ ಬೀಳಬಹುದು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ಮೂಲ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು ಅಂತ ಐಎಸ್ 10500 ಹೇಳುತ್ತೆ. ಈ ಮಾತನ್ನ ವಿವರಿಸಿದರೆ ಮೊದಲ ಬಗೆ. 'ನಮ್ಮ ಊರಿನ ಬೋರ್‌ವೆಲ್ಲಿನಲ್ಲಿ ಇಷ್ಟಿದೆ' ಅಂದ ಕೂಡಲೇ ಎರಡನೇ ಬಗೆ.

ವಾರಕ್ಕೊಂದು ಅಂತ ಬರೆಯಬೇಡಿ

ಪತ್ರದಲ್ಲಿ ಎಷ್ಟು ಲೇಖನ ಅಂತ ಒಂದು ಅಂಕಿ ಇರಬೇಕು, ಮತ್ತೆ ಅದು ಸಣ್ಣದಾಗಿರಬೇಕು. ಸೆಮಿಸ್ಟರ್ ಸುಮಾರು 16 ವಾರ ಅಂತ ಹಿಡಿಯೋಣ. ಮೂರು ಇಂಟರ್ನಲ್ಸ್ ಇದ್ದರೆ ಅದಕ್ಕೆ ಮೂರು ವಾರ, ಓದೋಕೆ ಇನ್ನೊಂದು ಮೂರು. ಕೊನೆಗೆ ರೆಕಾರ್ಡ್ ಬರೆಯೋದು, ಲ್ಯಾಬ್ ಪರೀಕ್ಷೆ ಅಂತ ಒಂದು ವಾರ. ಉಳಿಯೋದು 9 ವಾರ. ಆ 9 ವಾರದಲ್ಲೂ ಒಂದು ಲೇಖನ ಬರೆಯೋದಕ್ಕೆ ಒಂದು ವಾರ, ಪರಿಶೀಲನೆಗೆ ಒಂದು ವಾರ ಬೇಕು. ನಾಲ್ಕು ಜನ ಸೇರಿದರೆ ಸೆಮಿಸ್ಟರಿಗೆ ಆರು ಲೇಖನ ಆರಾಮಾಗಿ ಆಗುತ್ತೆ. ಹನ್ನೆರಡು ಅಂದರೆ ಎರಡನೇ ಇಂಟರ್ನಲ್ಸ್ ಹೊತ್ತಿಗೆ ಬಂಡಿ ನಿಲ್ಲುತ್ತೆ.

ನಿಲ್ಲುತ್ತಿದೆ ಅಂತ ಮೊದಲೇ ತಿಳಿಯೋಕೂ ದಾರಿ ಇದೆ. `Pending` ಸಾಲಿನಲ್ಲಿ ಒಂದೇ ಲೇಖನ ಹತ್ತು ದಿನಕ್ಕಿಂತ ಹೆಚ್ಚು ಕೂತಿದ್ದರೆ ಪರಿಶೀಲಿಸುವ ಮೇಷ್ಟ್ರಿಗೆ ಹೊರೆ ಜಾಸ್ತಿಯಾಗಿದೆ ಅಂತ ಅರ್ಥ. ಸಾಲೇ ಖಾಲಿಯಾಗಿದ್ದರೆ ಬರೆಯುವವರು ಸೋತಿದ್ದಾರೆ ಅಂತ. ಮೂರು ಲೇಖನ ಸತತವಾಗಿ ಒಬ್ಬರೇ ಬರೆದಿದ್ದರೆ ಅದು ಡಿಪಾರ್ಟ್‌ಮೆಂಟಿನ ಬ್ಲಾಗ್ ಆಗಿ ಉಳಿದಿಲ್ಲ.

'ಏಳು ದಿನದಲ್ಲಿ ಉತ್ತರ ಬರದಿದ್ದರೆ ಒಪ್ಪಿಗೆ ಎಂದು ಭಾವಿಸಿ ಪ್ರಕಟಿಸುತ್ತೇವೆ' ಅಂತ ಬರೆಯೋ ಆಸೆ ಕೆಲವರಿಗೆ ಬರುತ್ತೆ. ಬೇಡ. ಆ ಒಂದು ವಾಕ್ಯಕ್ಕೆ ಪೂರ್ತಿ ಪತ್ರ ಬೀಳುತ್ತೆ. ಬದಲಿಗೆ 'ಏಳು ದಿನದ ಮೇಲೆ ನಾವೇ ಬಂದು ಕಾಣುತ್ತೇವೆ' ಅಂತ ಬರೆಯಿರಿ. ಕೆಲಸ ಅದೇ, ಅಧಿಕಾರ ಅವರ ಹತ್ತಿರವೇ ಉಳಿಯುತ್ತೆ.

ನೀವು ಪಾಸಾದ ಮೇಲೆ?

ಎಚ್‌ಒಡಿಯ ಎರಡನೇ ದೊಡ್ಡ ಪ್ರಶ್ನೆ ಇದು. ಎಷ್ಟೋ ಹುಡುಗರು ಏನೇನೋ ಶುರು ಮಾಡಿ ಪಾಸಾಗಿ ಹೋಗಿರೋದನ್ನ ಅವರು ನೋಡಿರುತ್ತಾರೆ.

ಕನ್ನಡದಲ್ಲೇ ಇದಕ್ಕೆ ನೂರು ವರ್ಷದ ಹಳೇ ಉದಾಹರಣೆಗಳಿವೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಫಿಸಿಕ್ಸ್ ಹೇಳುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ಗೆಳೆಯರ ಜೊತೆ 'ವಿಜ್ಞಾನ' ಅನ್ನೋ ಮಾಸಪತ್ರಿಕೆ ತಂದರು. ಕನ್ನಡದಲ್ಲಿ ವಿಜ್ಞಾನ ಬರೆಯೋಕೆ ಅದು ದಾರಿ ಹಾಕಿತು, ಆದರೆ ಹೆಚ್ಚು ಕಾಲ ನಡೆಯಲಿಲ್ಲ. ಅದೇ ಕಾಲದಲ್ಲಿ, ಅದೇ ಕಾಲೇಜಿನ ಕರ್ನಾಟಕ ಸಂಘ ಎ.ಆರ್. ಕೃಷ್ಣಶಾಸ್ತ್ರಿಗಳ ಮುಂದಾಳತ್ವದಲ್ಲಿ 'ಪ್ರಬುದ್ಧ ಕರ್ನಾಟಕ' ಶುರು ಮಾಡಿತು. ಅದು ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಕೈಗೆ ಹೋಯ್ತು, ಶುರು ಮಾಡಿದವರು ಕಾಲೇಜು ಬಿಟ್ಟ ಮೇಲೂ ಬಹುಕಾಲ ನಡೆಯಿತು. ಎರಡರಲ್ಲೂ ದೊಡ್ಡ ಮೇಷ್ಟ್ರುಗಳೇ ಇದ್ದರು. ಉಳಿದದ್ದಕ್ಕೆ ಮುಂದೆ ಹೊತ್ತುಕೊಳ್ಳೋಕೆ ಒಂದು ಸಂಸ್ಥೆ ಸಿಕ್ಕಿತು.

ನಮ್ಮ ಮಟ್ಟಕ್ಕೆ ಇಳಿಸಿದರೆ ಇದರ ಅರ್ಥ ಸರಳ. 5ನೇ ಸೆಮಿಸ್ಟರಿನವರು ಸಂಪಾದಕರು, 3ನೇ ಸೆಮಿಸ್ಟರಿನವರು ಜೊತೆಗಾರರು. ಮುಂದಿನ ವರ್ಷ ಜೊತೆಗಾರರೇ ಸಂಪಾದಕರು. 7 ಮತ್ತು 8ನೇ ಸೆಮಿಸ್ಟರಿನಲ್ಲಿ ಪ್ರಾಜೆಕ್ಟು, ಇಂಟರ್ನ್‌ಶಿಪ್ಪು, ಪ್ಲೇಸ್‌ಮೆಂಟು ಅಂತ ಯಾರೂ ಕೈಗೆ ಸಿಗಲ್ಲ, ಅವರನ್ನ ಲೆಕ್ಕಕ್ಕೆ ಹಿಡಿಯಬೇಡಿ. ಪತ್ರಕ್ಕೆ 3ನೇ ಸೆಮಿಸ್ಟರಿನ ಇಬ್ಬರ ಸಹಿ ಇದ್ದರೆ 'ನೀವು ಹೋದ ಮೇಲೆ?' ಅನ್ನೋ ಪ್ರಶ್ನೆಗೆ ಉತ್ತರ ಆ ಸಹಿಯಲ್ಲೇ ಇರುತ್ತೆ.

ಎನ್‌ಬಿಎ ಅನ್ನೋ ಮಾತು

ಎಚ್‌ಒಡಿಗೆ ಇದರಿಂದ ಏನು ಪ್ರಯೋಜನ? ಕೀರ್ತಿ ಅನ್ನೋ ಪದಕ್ಕಿಂತ ಗಟ್ಟಿಯಾದ ಉತ್ತರ ಒಂದಿದೆ. ಎನ್‌ಬಿಎ ಮಾನ್ಯತೆಗೆ ಡಿಪಾರ್ಟ್‌ಮೆಂಟ್ ಬರೆಯುವ ಸ್ವಮೌಲ್ಯಮಾಪನ ವರದಿಯಲ್ಲಿ, 2015ರ ನಮೂನೆಯ ಪ್ರಕಾರ, 4.6.2ನೇ ಅಂಶ ಟೆಕ್ನಿಕಲ್ ಮ್ಯಾಗಜಿನ್, ನ್ಯೂಸ್‌ಲೆಟರ್ ಮುಂತಾದ ಪ್ರಕಟಣೆಗಳಿಗೆ ಸೇರಿದ್ದು. ಸಂಪಾದಕರ ಹೆಸರು ಸಮೇತ ಪಟ್ಟಿ ಕೊಡಬೇಕು. ಅದಕ್ಕಿರುವ ಅಂಕ ಬರೀ 5. ಹಾಗಾಗಿ 'ಬ್ಲಾಗಿಂದ ಎನ್‌ಬಿಎ ಬರುತ್ತೆ' ಅಂತ ಬರೆದರೆ ನಗುತ್ತಾರೆ. 'ಸೆಮಿಸ್ಟರ್ ಕೊನೆಗೆ ಲೇಖನಗಳ ಪಟ್ಟಿ, ಬರೆದವರ ಹೆಸರು, ಯುಎಸ್‌ಎನ್, ಪ್ರಕಟವಾದ ದಿನ ಒಂದು ಹಾಳೆಯಲ್ಲಿ ಕೊಡುತ್ತೇವೆ' ಅಂತ ಬರೆದರೆ ಖುಷಿಪಡುತ್ತಾರೆ. ದಾಖಲೆ ಹುಡುಕುವ ಒಂದು ಕೆಲಸ ಅವರಿಗೆ ತಪ್ಪುತ್ತೆ. ನಮೂನೆ ಈಚೆಗೆ ಬದಲಾಗಿದೆ, ಆದ್ದರಿಂದ ಅಂಶದ ಸಂಖ್ಯೆ ಬರೆಯುವ ಮೊದಲು ಡಿಪಾರ್ಟ್‌ಮೆಂಟಿನ ಎನ್‌ಬಿಎ ಕೋಆರ್ಡಿನೇಟರ್ ಹತ್ತಿರ ಒಂದು ಸಲ ಕೇಳಿ.

ಪತ್ರ

ಕೊನೆಯದಾಗಿ, ಏನನ್ನ ಕೇಳಬೇಕು? ಎಚ್‌ಒಡಿ ತಾವೇ ಕೊಡಬಹುದಾದಷ್ಟನ್ನ ಮಾತ್ರ. ಕಾಲೇಜಿನ ಲೋಗೋ, ಕಾಲೇಜು ವೆಬ್‌ಸೈಟಿನಲ್ಲಿ ಜಾಗ ಇವೆಲ್ಲ ಪ್ರಿನ್ಸಿಪಾಲರು, ಮ್ಯಾನೇಜ್‌ಮೆಂಟ್ ತನಕ ಹೋಗುವ ವಿಷಯ. ಒಂದು ಸೆಮಿಸ್ಟರಿನ ಪ್ರಯೋಗ ಕೇಳಿದರೆ ಅವರ ಟೇಬಲ್ಲಿನಲ್ಲೇ ತೀರ್ಮಾನ ಆಗುತ್ತೆ. ಈಗ ಎಲ್ಲ ಸೇರಿಸಿ ಬರೆಯೋಣ.

> ಇವರಿಂದ:
> (ಹೆಸರುಗಳು, ಯುಎಸ್‌ಎನ್)
> 5ನೇ ಮತ್ತು 3ನೇ ಸೆಮಿಸ್ಟರ್, ಸಿವಿಲ್ ವಿಭಾಗ
>
> ಇವರಿಗೆ:
> ವಿಭಾಗದ ಮುಖ್ಯಸ್ಥರು, ಸಿವಿಲ್ ವಿಭಾಗ
>
> ಮೂಲಕ: ತರಗತಿಯ ಪ್ರಾಕ್ಟರ್
>
> ಮಾನ್ಯರೇ,
>
> ವಿಷಯ: ವಿಭಾಗದ ವಿದ್ಯಾರ್ಥಿ ಬ್ಲಾಗನ್ನು ಒಂದು ಸೆಮಿಸ್ಟರ್ ಪ್ರಾಯೋಗಿಕವಾಗಿ ನಡೆಸಲು ಅನುಮತಿ ಕೋರಿ.
>
> ನಾವು ಲ್ಯಾಬಿನಲ್ಲಿ ಕಲಿಯುವುದನ್ನು ನಮ್ಮ ನಾಲ್ಕು ತಾಲ್ಲೂಕುಗಳ ಉದಾಹರಣೆಗಳೊಂದಿಗೆ ಕನ್ನಡದಲ್ಲಿ ಬರೆಯುವ ಒಂದು ಬ್ಲಾಗ್ ನಡೆಸಲು ಇಚ್ಛಿಸುತ್ತೇವೆ. ಈ ಸೆಮಿಸ್ಟರಿನಲ್ಲಿ ಆರು ಲೇಖನ ಪ್ರಕಟಿಸುತ್ತೇವೆ. ಸಿದ್ಧವಾಗಿರುವ ಎರಡು ಲೇಖನಗಳನ್ನು ಇದರೊಂದಿಗೆ ಲಗತ್ತಿಸಿದ್ದೇವೆ.
>
> ವಿದ್ಯಾರ್ಥಿಗಳು ಬರೆಯಬಹುದೇ ಹೊರತು ಪ್ರಕಟಿಸಲು ಸಾಧ್ಯವಿಲ್ಲದಂತೆ ಅಕೌಂಟನ್ನು ಹೊಂದಿಸುತ್ತೇವೆ. ತಾವು ಸೂಚಿಸುವ, ಕನ್ನಡ ಓದಬಲ್ಲ ಒಬ್ಬ ಅಧ್ಯಾಪಕರು ಓದಿದ ಮೇಲೆಯೇ ಲೇಖನ ಪ್ರಕಟವಾಗುತ್ತದೆ. ಯಾವುದೇ ಇಲಾಖೆ, ಸಂಸ್ಥೆ, ಊರು ಅಥವಾ ವ್ಯಕ್ತಿಯ ಬಗ್ಗೆ ತೀರ್ಮಾನವಿರುವ ಲೇಖನವನ್ನು ತಮ್ಮ ಸಹಿ ಇಲ್ಲದೆ ಪ್ರಕಟಿಸುವುದಿಲ್ಲ. ಏಳು ದಿನದ ಮೇಲೆ ನಾವೇ ಬಂದು ತಮ್ಮನ್ನು ಕಾಣುತ್ತೇವೆ.
>
> ಅಕೌಂಟ್ ವಿಭಾಗದ ಇಮೇಲ್ ಹೆಸರಿನಲ್ಲಿರುತ್ತದೆ, ಪಾಸ್‌ವರ್ಡ್ ತಮ್ಮ ಕಚೇರಿಯಲ್ಲಿರುತ್ತದೆ. ಖರ್ಚು ಇಲ್ಲ. ಕಾಲೇಜಿನ ಲೋಗೋ ಬಳಸುವುದಿಲ್ಲ. ಮುಂದಿನ ವರ್ಷ ಈಗಿನ 3ನೇ ಸೆಮಿಸ್ಟರಿನ ಸಹಿದಾರರು ಜವಾಬ್ದಾರಿ ವಹಿಸಿಕೊಳ್ಳುತ್ತಾರೆ. ಸೆಮಿಸ್ಟರ್ ಕೊನೆಯಲ್ಲಿ ಲೇಖನಗಳ ಪಟ್ಟಿಯನ್ನು ಎನ್‌ಬಿಎ ಕಡತಕ್ಕೆ ಒಪ್ಪಿಸುತ್ತೇವೆ. ಆ ಹೊತ್ತಿಗೆ ತಮಗೆ ಸರಿಯೆನಿಸದಿದ್ದರೆ ಬ್ಲಾಗನ್ನು ನಿಲ್ಲಿಸುತ್ತೇವೆ.
>
> ದಯವಿಟ್ಟು ಅನುಮತಿ ನೀಡಿ, ಒಬ್ಬ ಅಧ್ಯಾಪಕರನ್ನು ಸೂಚಿಸಬೇಕಾಗಿ ವಿನಂತಿ.
>
> ವಂದನೆಗಳೊಂದಿಗೆ,
> ತಮ್ಮ ವಿಧೇಯ ವಿದ್ಯಾರ್ಥಿಗಳು
> (ಸಹಿಗಳು, ದಿನಾಂಕ)

ಲಗತ್ತಿಸುವ ಎರಡು ಲೇಖನ ಯಾವುದು ಅನ್ನೋದೂ ಯೋಚಿಸಬೇಕಾದ್ದೇ. ಎರಡೂ ಸುಲಭದ ಲೇಖನ ಇಟ್ಟರೆ ಎಚ್‌ಒಡಿಗೆ ಅನುಮಾನ ಉಳಿಯುತ್ತೆ: ಕಷ್ಟದ್ದು ಬಂದಾಗ ಇವರು ಏನು ಮಾಡ್ತಾರೆ ಅಂತ. ಒಂದು ಇಟ್ಟಿಗೆ ಲೇಖನ, ಒಂದು ಕೆರೆ ಲೇಖನ ಇಡಿ. ಕೆರೆ ಲೇಖನದ ಮೇಲ್ಭಾಗದಲ್ಲಿ 'ಎಚ್‌ಒಡಿ ಸಹಿ ಬೇಕು' ಅಂತ ಬರೆದು ಖಾಲಿ ಜಾಗ ಬಿಡಿ. ಪತ್ರದಲ್ಲಿ ಹೇಳಿದ ನಿಯಮ ಅಲ್ಲೇ ಕೆಲಸ ಮಾಡ್ತಿರೋದು ಅವರಿಗೆ ಕಾಣುತ್ತೆ.

ಕೊಟ್ಟ ಮೇಲೆ

ಪತ್ರದ ಎರಡು ಪ್ರತಿ ಮಾಡಿ. ಒಂದನ್ನ ಆಫೀಸಿನಲ್ಲಿ ಕೊಟ್ಟು ಇನ್ನೊಂದರ ಮೇಲೆ ದಿನಾಂಕ ಸಮೇತ ಸ್ವೀಕೃತಿ ಸಹಿ ತಗೊಳ್ಳಿ. ಇಂಟರ್ನಲ್ಸ್ ವಾರದಲ್ಲಿ, ಇನ್‌ಸ್ಪೆಕ್ಷನ್ ವಾರದಲ್ಲಿ ಕೊಡಬೇಡಿ. ಸೆಮಿಸ್ಟರಿನ ಎರಡನೇ ಮೂರನೇ ವಾರ ಒಳ್ಳೇ ಕಾಲ, ಆಗ ಕೊಟ್ಟರೆ ಉಳಿದ ವಾರಗಳ ಲೆಕ್ಕವೂ ಸರಿಹೋಗುತ್ತೆ.

ಎಚ್‌ಒಡಿ ಪತ್ರದ ಮಾರ್ಜಿನ್‌ನಲ್ಲಿ ಏನೋ ಬರೆದು ವಾಪಸ್ ಕೊಡಬಹುದು. 'ಚರ್ಚಿಸಿ' ಅಂತಿದ್ದರೆ ಅದು ಇಲ್ಲ ಅಂತಲ್ಲ, ಮುಖಾಮುಖಿ ಕೇಳಬೇಕಾದ ಒಂದು ಪ್ರಶ್ನೆ ಉಳಿದಿದೆ ಅಂತ. 'ಕೆರೆ ವಿಷಯ ಸದ್ಯಕ್ಕೆ ಬೇಡ, ಉಳಿದದ್ದು ಮಾಡಿ' ಅಂದರೆ ಒಪ್ಪಿಕೊಳ್ಳಿ, ಆ ಮಾತನ್ನ ಪತ್ರದ ಮೇಲೇ ಬರೆಸಿಕೊಳ್ಳಿ. ಇಟ್ಟಿಗೆ, ಹೆಂಚು, ಕೃಷಿ ಹೊಂಡ ಅಂತ ಮೂರು ಲೇಖನ ಒಂದೂ ದೂರು ಇಲ್ಲದೆ ಹೋದ ಮೇಲೆ ಕೆರೆ ಲೇಖನ ಮತ್ತೆ ಟೇಬಲ್ ಮೇಲೆ ಇಡಬಹುದು. ಆಗ ಅವರು ನೋಡೋದು ಪತ್ರವನ್ನಲ್ಲ, ನೀವು ಮಾಡಿದ ಮೂರು ಲೇಖನವನ್ನ.